ಅನಂತಮತಿ ಮೇಡಂ ಮತ್ತು ಮುಂಡಾಜೆಯ ಹುಳಿಮಳೆ

ಮಳೆ ಶುರುವಾದರೆ ಮೂಡುಬಿದಿರೆಯ ಹೆಂಗಸರು ಒಣಹಾಕಿದ ಬಟ್ಟೆ ಒಳಗೆ ತರಲು ಓಡುತ್ತಾರೆ. ಅನಂತಮತಿ ಮೇಡಂ ಮಾತ್ರ ಬಾಟಲಿ ಹೊರಗಿಡಲು ಓಡುತ್ತಾರೆ. ಬಟ್ಟೆಯನ್ನು ಗಂಡ ಸಮ್ಮೇದ್ ನೋಡಿಕೊಳ್ಳಬೇಕು. ಅವರು ಪೇಟೆಯಲ್ಲಿ ಪುಸ್ತಕ, ಪೆನ್ನಿನ ಅಂಗಡಿ ಇಟ್ಟ ಸಾಧು ಮನುಷ್ಯ. ಮದುವೆಯಾದ ಹೊಸದರಲ್ಲಿ ಹೆಂಡತಿ ಕೊಡೆಯಿಲ್ಲದೆ ಟೆರೇಸಿನಲ್ಲಿ ನಿಂತು ಬಾಟಲಿಯ ಬಾಯಿಗೆ ಆಲಿಕೆ ಸಿಕ್ಕಿಸುವುದನ್ನು ಕಂಡು ಇದೇನೋ ವ್ರತ ಇರಬೇಕು, ಮುಗಿದ ಮೇಲೆ ಪ್ರಸಾದ ಸಿಕ್ಕೀತು ಎಂದು ಕಾದಿದ್ದರಂತೆ. ಆ ವ್ರತ ಇನ್ನೂ ಮುಗಿದಿಲ್ಲ. ಪ್ರಸಾದದ ಆಸೆಯನ್ನು ಅವರು ಬಿಟ್ಟು ಬಹಳ ಕಾಲವಾಯಿತು.

ಮೇಡಂ ಪಿಯು ಕಾಲೇಜೊಂದರಲ್ಲಿ ರಸಾಯನಶಾಸ್ತ್ರದ ಉಪನ್ಯಾಸಕಿ. ತವರು ಸಿದ್ಧಕಟ್ಟೆ. ಅಪ್ಪ ಅಲ್ಲಿಯ ಬಸದಿಯ ಪೂಜೆ ನೋಡಿಕೊಳ್ಳುತ್ತಿದ್ದವರು. ನೀರನ್ನು ಸೋಸದೆ ಒಂದು ಗುಟುಕೂ ಕುಡಿಯದ ಮನೆ. ಆಕಾಶದಿಂದ ನೇರ ಬಿದ್ದ ನೀರಿನಷ್ಟು ಚೊಕ್ಕ ಯಾವುದೂ ಇಲ್ಲ ಎಂದು ನಂಬಿ ಬೆಳೆದ ಹುಡುಗಿ, ಡಿಗ್ರಿ ಓದುವಾಗ ಒಮ್ಮೆ ಮಳೆನೀರಿಗೆ ಹುಳಿ ಅಳೆಯುವ ಪಿಎಚ್ ಮೀಟರ್ ಅದ್ದಿ ನೋಡಿದಳು. ಶುದ್ಧ ನೀರಾದರೆ ಏಳು ತೋರಿಸಬೇಕು. ಮೀಟರು ಐದೂವರೆಯ ಹತ್ತಿರ ಬಂದು ಕುಳಿತುಬಿಟ್ಟಿತು. ಮೀಟರ್ ಹಾಳಾಗಿದೆ ಎಂದು ಲ್ಯಾಬಿನವರ ಮೇಲೆ ರೇಗಿದಳು. ಆಗ ಅಧ್ಯಾಪಕರು ನಕ್ಕು, ಮೀಟರ್ ಸರಿಯಾಗಿಯೇ ಇದೆ, ನಿನ್ನ ತಲೆಯನ್ನು ಒಮ್ಮೆ ರಿಪೇರಿಗೆ ಕೊಡು ಎಂದರು.

ವಿಷಯ ಇಷ್ಟೇ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಇದೆ, ಸೋಡಾ ಬಾಟಲಿಯಲ್ಲಿ ಬುಸ್ಸೆನ್ನುವ ಅದೇ ಅನಿಲ. ಮಳೆಹನಿ ಮೋಡದಿಂದ ನೆಲಕ್ಕೆ ಬರುವ ದಾರಿಯಲ್ಲಿ ಅದನ್ನು ಒಂದಿಷ್ಟು ಕರಗಿಸಿಕೊಳ್ಳುತ್ತದೆ. ಕರಗಿದ್ದು ನೀರಿನ ಜೊತೆ ಸೇರಿ ಕಾರ್ಬಾನಿಕ್ ಆಮ್ಲವಾಗುತ್ತದೆ. ತೀರಾ ಬಡಪಾಯಿ ಆಮ್ಲ. ಯಾರಿಗೂ ತೊಂದರೆ ಕೊಡುವುದಿಲ್ಲ. ಆದರೆ ಅದರಿಂದಾಗಿ ಯಾವ ಪಾಪವೂ ಅರಿಯದ ಮಳೆಯ ಪಿಎಚ್ ಕೂಡ ಏಳು ಇರುವುದಿಲ್ಲ, ಸುಮಾರು ಐದು ಪಾಯಿಂಟ್ ಆರು ಇರುತ್ತದೆ. ಯಾರೋ ಮನೆಯ ಒಳಗುಟ್ಟನ್ನು ಕಿವಿಯಲ್ಲಿ ಹೇಳಿದ ಹಾಗೆ ಆ ದಿನ ಆಕೆಗೆ ರೋಮಾಂಚನವಾಗಿತ್ತು. ಅಂದಿನಿಂದ ಮಳೆಯೆಂದರೆ ಪ್ರಾಣ.

ಆ ಪ್ರೀತಿಯನ್ನು ಮಕ್ಕಳಿಗೆ ದಾಟಿಸಲು ಮೇಡಂ ಪಟ್ಟ ಪಾಡು ಮಾತ್ರ ನೀರಿನಲ್ಲಿ ಹೋಮ. "ಏಳು ಅಂದ್ರೆ ಶುದ್ಧ ನೀರು. ಐದು ಪಾಯಿಂಟ್ ಆರು ಅಂದ್ರೆ ಶುದ್ಧ ಮಳೆ. ಎರಡೂ ಒಂದೇ ಅಲ್ಲ ಮಕ್ಕಳೇ!" ಎಂದು ಪ್ರತಿ ವರ್ಷ ಬೋರ್ಡು ಕುಟ್ಟಿ ಹೇಳುತ್ತಾರೆ. ಪ್ರತಿ ವರ್ಷ ಅರ್ಧ ತರಗತಿ ಪರೀಕ್ಷೆಯಲ್ಲಿ ಏಳು ಎಂದು ಬರೆದು ಬರುತ್ತದೆ. ತಮ್ಮ ಟೆರೇಸಿನ ಮಳೆಯ ಅಂಕಿಗಳನ್ನು ಅವರು ಪತ್ರಿಕೆಗೂ ಕಳಿಸಿ ನೋಡಿದರು. "ಮೂಡುಬಿದಿರೆಯ ಮಳೆ ಸರಿಯಾಗಿದೆ" ಎಂಬ ಸುದ್ದಿಯನ್ನು ಯಾವ ಪತ್ರಿಕೆ ಹಾಕೀತು? ಮಳೆ ಕೆಟ್ಟರೆ ಸುದ್ದಿ. ಮಳೆ ಒಳ್ಳೆಯದಿದ್ದರೆ ಅದು ಬರಿ ಮಳೆ.

ಹೀಗಿರುವಾಗ ಮುಂಡಾಜೆಯ ಮಳೆ ಕೆಟ್ಟಿತು.

ದ್ವಿತೀಯ ಪಿಯುಸಿಯ ತೃಷಾ ಎಂಬ ಹುಡುಗಿ ವಿಜ್ಞಾನ ಪ್ರದರ್ಶನಕ್ಕೆಂದು ತನ್ನೂರು ಮುಂಡಾಜೆಯ ಮಳೆ ಅಳೆಯುತ್ತೇನೆ ಎಂದಿದ್ದಳು. ಮೇಡಂ ಹಿಗ್ಗಿ ಹೀರೇಕಾಯಿಯಾಗಿ ಆಲಿಕೆ, ಬಾಟಲಿ, ಸೂಚನೆ ಎಲ್ಲ ಕೊಟ್ಟರು. ಹುಡುಗಿ ಇರುವುದು ಮೂಡುಬಿದಿರೆಯ ಹಾಸ್ಟೆಲಿನಲ್ಲಿ. ಊರಲ್ಲಿ ಮಳೆ ಹಿಡಿಯುವ ಕೆಲಸ ಅವಳ ಅಜ್ಜ ಸುಬ್ಬಯ್ಯ ಶೆಟ್ಟರ ಪಾಲಿಗೆ ಬಂತು. ಶೆಟ್ಟರು ಹಿಡಿದ ಮಳೆಯನ್ನು ಬಾಟಲಿಗೆ ತುಂಬಿಸಿ, ಮುಚ್ಚಳಕ್ಕೆ ದಿನಾಂಕದ ಚೀಟಿ ಅಂಟಿಸಿ, ಬೆಳಗಿನ ಬಸ್ಸಿನ ಕಂಡಕ್ಟರನ ಕೈಗೆ ಕೊಡುವರು. ಹಲಸಿನ ಹಪ್ಪಳ, ಕನ್ನಡಕ, ಮದುವೆಯ ಕಾಗದ ಎಲ್ಲ ಹೋಗುವ ಹಾಗೆ ಮುಂಡಾಜೆಯ ಮಳೆಯೂ ಬೆಳ್ತಂಗಡಿಯಲ್ಲಿ ಬಸ್ಸು ಬದಲಿಸಿ ಮೂಡುಬಿದಿರೆಗೆ ಬಂದು ಇಳಿಯುತ್ತಿತ್ತು.

ಮೊದಲ ಬಾಟಲಿಗೆ ಮೀಟರ್ ಅದ್ದಿದಾಗ ನಾಲ್ಕು ಪಾಯಿಂಟ್ ಒಂದು. ಮೇಡಂ ಮೀಟರನ್ನು ಪಿಎಚ್ ಮೊದಲೇ ಗೊತ್ತಿರುವ ಬಫರ್ ದ್ರಾವಣದಲ್ಲಿ ಅದ್ದಿ ಸರಿಪಡಿಸಿ ಮತ್ತೆ ನೋಡಿದರು. ನಾಲ್ಕು ಪಾಯಿಂಟ್ ಒಂದು. ಮರುದಿನದ ಬಾಟಲಿಯೂ ಅಷ್ಟೇ, ಅದರ ಮರುದಿನದ್ದೂ ಹೆಚ್ಚುಕಡಿಮೆ ಅಷ್ಟೇ.

ಪಿಎಚ್ ಲೆಕ್ಕದಲ್ಲಿ ಒಂದು ಅಂಕಿ ಇಳಿದರೆ ಹುಳಿ ಹತ್ತು ಪಟ್ಟು ಏರಿತೆಂದು ಅರ್ಥ. ಐದು ಪಾಯಿಂಟ್ ಆರರಿಂದ ನಾಲ್ಕು ಪಾಯಿಂಟ್ ಒಂದಕ್ಕೆ ಇಳಿದರೆ ಮೂವತ್ತು ಪಟ್ಟು. ಇದು ಕಲ್ಲಿದ್ದಲು ಸುಡುವ ದೊಡ್ಡ ದೊಡ್ಡ ಸ್ಥಾವರಗಳ ಗಾಳಿ ಬೀಸುವ ಕಡೆ ಬೀಳುವ ಮಳೆ. ಅಮೃತಶಿಲೆಯನ್ನು ತಿನ್ನುವ, ಕೆರೆಯ ಮೀನನ್ನು ಕೊಲ್ಲುವ ಮಳೆ. ಚಾರ್ಮಾಡಿ ಘಟ್ಟದ ಬುಡದಲ್ಲಿ ಇದಕ್ಕೇನು ಕೆಲಸ?

"ಮೇಡಂ, ನಮ್ಮ ಮನೆಯ ಹತ್ತಿರ ಒಂದು ಗೇರುಬೀಜದ ಫ್ಯಾಕ್ಟರಿ ಉಂಟು," ಎಂದಳು ತೃಷಾ. "ಜಯಪ್ರಕಾಶ್ ಅಂತ ಒಬ್ಬರದ್ದು. ಅವರ ಚಿಮಣಿಯಿಂದ ಹೊಗೆ ಬರ್ತದೆ. ಅಜ್ಜ ಅದೇ ಅಂತ ಹೇಳ್ತಾರೆ."

ಮೇಡಂ ಮನುಷ್ಯರೇ ತಾನೆ? ಅವರಿಗೆ ಖುಷಿಯಾಯಿತು. ಇಷ್ಟು ವರ್ಷ ಟೆರೇಸಿನಲ್ಲಿ ನೆನೆದದ್ದಕ್ಕೆ ಕಡೆಗೂ ಒಂದು ಮಳೆ ಸಿಕ್ಕಿತು ಎಂದು ಒಳಗೊಳಗೇ ಕುಣಿದರು. ಅದನ್ನು ಪ್ರಿನ್ಸಿಪಾಲರಿಗೆ ಹೇಳಿದ್ದೂ ಆಯಿತು. ಮಳೆಯ ವಿಚಾರ ಕೇಳುವಾಗ ಪ್ರಿನ್ಸಿಪಾಲರು ಗಡಿಯಾರ ನೋಡದೆ ಇದ್ದದ್ದು ಅದೇ ಮೊದಲು.

ಅತ್ತ ಸುಬ್ಬಯ್ಯ ಶೆಟ್ಟರಿಗಂತೂ ಹಾಲು ಕುಡಿದಷ್ಟು ಸಂತೋಷ. ಶೆಟ್ಟರು ರಬ್ಬರ್ ತೋಟದ ಯಜಮಾನರು, ಮಾತಿಗೆ ಗಟ್ಟಿ, ಬಟ್ಟೆಗೆ ಬಿಳಿ. ಹಾಲಿನಂಥ ಪಂಚೆ ಇಲ್ಲದೆ ಅಂಗಳಕ್ಕೂ ಇಳಿಯದ ಜನ. ಆ ಪಂಚೆಯೇ ಶೆಟ್ಟರಿಗೂ ಫ್ಯಾಕ್ಟರಿಯವರಿಗೂ ಇದ್ದ ಜಗಳಕ್ಕೆ ಮೂಲ: ಜಯಪ್ರಕಾಶರ ಚಿಮಣಿಯ ಮಸಿ ಹಾರಿ ಬಂದು ಹಗ್ಗದ ಮೇಲಿನ ಪಂಚೆಗೆ ಎಳ್ಳು ಚೆಲ್ಲಿದ ಹಾಗೆ ಕೂರುತ್ತಿತ್ತು. ಪಂಚೆಯ ದೂರನ್ನು ಪಂಚಾಯತಿನಲ್ಲಿ ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಈಗ ದೂರಿಗೆ ಸಾಕ್ಷಾತ್ ವಿಜ್ಞಾನ ಬೆಂಬಲ ಕೊಟ್ಟಿತು. "ಮುಂಡಾಜೆಯಲ್ಲಿ ಆಮ್ಲಮಳೆ" ಎಂಬ ಸುದ್ದಿ ಊರಿನ ಎಲ್ಲ ಮೊಬೈಲುಗಳನ್ನೂ ಸುತ್ತಿತು. ಒಬ್ಬರ ಮೆಣಸಿನ ಬಳ್ಳಿ ಸೊರಗಿದ್ದು, ಇನ್ನೊಬ್ಬರ ತಲೆಗೂದಲು ಉದುರಿದ್ದು ಎಲ್ಲಕ್ಕೂ ಕಾರಣ ಸಿಕ್ಕಿತು. ಜಯಪ್ರಕಾಶರ ಫ್ಯಾಕ್ಟರಿಯ ಲೈಸೆನ್ಸ್ ಆ ವರ್ಷ ನವೀಕರಣಕ್ಕೆ ಬಂದಿತ್ತು. ಶನಿವಾರದ ಗ್ರಾಮಸಭೆಯಲ್ಲಿ ಅದನ್ನು ರದ್ದು ಮಾಡಬೇಕೆಂದು ಶೆಟ್ಟರು ಅರ್ಜಿ ಕೊಟ್ಟರು. ಫ್ಯಾಕ್ಟರಿ ನಿಂತರೆ ಜಯಪ್ರಕಾಶರೂ ಅಲ್ಲಿ ಬೀಜ ಸುಲಿಯುವ ಊರಿನ ಹೆಂಗಸರೂ ಒಟ್ಟಿಗೆ ಮನೆಯಲ್ಲಿ ಕೂರಬೇಕು. ಸಭೆಯಲ್ಲಿ ಮಾತಾಡಲು ತಜ್ಞರಾಗಿ ಅನಂತಮತಿ ಮೇಡಂ ಬರಬೇಕೆಂದು ಕರೆ ಬಂತು.

ಮೇಡಂ ಒಪ್ಪಿಕೊಂಡರು. ಒಪ್ಪಿದ ಮೇಲೆ ಭಾಷಣ ಬರೆಯಲು ಕುಳಿತರು. ಅಲ್ಲಿ ಸಿಕ್ಕಿಹಾಕಿಕೊಂಡರು.

ಆಮ್ಲಮಳೆಗೆ ಮುಖ್ಯವಾಗಿ ಇಬ್ಬರು ಅಪರಾಧಿಗಳು. ಒಂದು ಗಂಧಕ. ಕಲ್ಲಿದ್ದಲು, ಕಚ್ಚಾ ಡೀಸೆಲಿನಂಥದ್ದು ಉರಿದಾಗ ಅದರೊಳಗಿನ ಗಂಧಕ ಡೈಆಕ್ಸೈಡ್ ಆಗಿ ಹಾರುತ್ತದೆ, ಮೋಡದಲ್ಲಿ ಸಲ್ಫ್ಯೂರಿಕ್ ಆಮ್ಲವಾಗುತ್ತದೆ. ಇನ್ನೊಂದು ನೈಟ್ರೋಜನ್. ಸುಮ್ಮನೆ ಗಾಳಿಯಲ್ಲಿ ಬಿದ್ದುಕೊಂಡಿರುವ ಅದು ಇಂಜಿನ್ನಿನ ಕಾವಿಗೋ ಸಿಡಿಲಿನ ಕಾವಿಗೋ ಆಮ್ಲಜನಕದ ಜೊತೆ ಸೇರಿ ಆಕ್ಸೈಡ್ ಆಗುತ್ತದೆ, ಕೊನೆಗೆ ನೈಟ್ರಿಕ್ ಆಮ್ಲವಾಗುತ್ತದೆ. ಸರಿ. ಆದರೆ ಜಯಪ್ರಕಾಶರ ಬಾಯ್ಲರಿಗೆ ಹಾಕುವುದು ಸೌದೆ ಮತ್ತು ಗೇರುಬೀಜದ ಸಿಪ್ಪೆ. ಸೌದೆಯಲ್ಲಿ ಗಂಧಕ ಎಷ್ಟಿದ್ದೀತು? ಅದೂ ಅರಬ್ಬೀ ಸಮುದ್ರದಿಂದ ಬಂದ ಮೋಡ ದಿನವಿಡೀ ಸುರಿಯುವ ಊರಿನಲ್ಲಿ, ಒಂದು ಸಣ್ಣ ಚಿಮಣಿ ಮಳೆಯನ್ನು ಮೂವತ್ತು ಪಟ್ಟು ಹುಳಿ ಮಾಡುವುದೆಂದರೆ ಇರುವೆ ಆನೆಯನ್ನು ಹೊತ್ತು ನಡೆದ ಹಾಗಾಯಿತು.

"ಸಮ್ಮೇದ್, ಇದು ಸರಿ ಹೋಗುವುದಿಲ್ಲ," ಎಂದರು ಗಂಡನಿಗೆ.

"ಎಂತ, ಭಾಷಣವಾ?"

"ಅಲ್ಲ, ಮಳೆ."

"ಮಳೆ ಸರಿಯಿದ್ದರೆ ನಿನಗೆ ಬೇಜಾರು, ಕೆಟ್ಟರೂ ಬೇಜಾರು. ಮಳೆಯಾದರೂ ಎಂತ ಮಾಡಬೇಕು ಮಾರಾಯ್ತಿ?" ಎಂದು ಸಮ್ಮೇದ್ ಲೆಕ್ಕದ ಪುಸ್ತಕಕ್ಕೆ ರಟ್ಟು ಹಾಕುವುದನ್ನು ಮುಂದುವರಿಸಿದರು.

ಶುಕ್ರವಾರ ಮೇಡಂ ಲ್ಯಾಬಿನಲ್ಲಿ ಕುಳಿತು ಮುಂಡಾಜೆಯ ನೀರನ್ನು ಕಾಯಿಸಿ ಕಾಯಿಸಿ, ಲೀಟರಿನಷ್ಟಿದ್ದುದನ್ನು ಲೋಟದ ತಳಕ್ಕೆ ಇಳಿಸಿದರು. ಪಕ್ಕದಲ್ಲಿ ತಾವೇ ಒಂದು ನಕಲಿ ಆಮ್ಲಮಳೆ ಮಾಡಿಟ್ಟುಕೊಂಡಿದ್ದರು; ನಲ್ಲಿಯ ನೀರಲ್ಲ, ಭಟ್ಟಿ ಇಳಿಸಿದ ನೀರಿಗೆ ಸಲ್ಫ್ಯೂರಿಕ್, ನೈಟ್ರಿಕ್ ಎರಡನ್ನೂ ಹದವಾಗಿ ಬೆರೆಸಿ ನಾಲ್ಕು ಪಾಯಿಂಟ್ ಒಂದಕ್ಕೆ ತಂದದ್ದು. ಅದನ್ನೂ ಹಾಗೇ ಬತ್ತಿಸಿದರು. ಎರಡಕ್ಕೂ ಬೇರಿಯಂ ಕ್ಲೋರೈಡ್ ಹನಿಸಿದರು. ಗಂಧಕದ ಆಮ್ಲ ಇದ್ದರೆ ನೀರು ಸುಣ್ಣ ಕಲಕಿದಂತೆ ಬೆಳ್ಳಗಾಗಬೇಕು. ನಕಲಿ ಮಳೆ ಬೆಳ್ಳಗಾಯಿತು. ಮುಂಡಾಜೆಯ ಮಳೆಯಲ್ಲಿ ಸಮುದ್ರದ ಉಪ್ಪಿನಿಂದ ಬರುವ ಒಂದು ಮಸುಕು ಬಿಟ್ಟರೆ ಏನಿಲ್ಲ. ನೈಟ್ರಿಕ್ ಆಮ್ಲಕ್ಕೆ ಕಂದು ಉಂಗುರದ ಪರೀಕ್ಷೆ ಮಾಡಿದರು. ನಕಲಿಯಲ್ಲಿ ಉಂಗುರ ಬಂತು, ಅಸಲಿಯಲ್ಲಿ ಇಲ್ಲ.

ಗಂಧಕವಲ್ಲ, ನೈಟ್ರೋಜನ್ ಅಲ್ಲ. ಬಡಪಾಯಿ ಕಾರ್ಬಾನಿಕ್ ಆಮ್ಲವಂತೂ ತಲೆಕೆಳಗಾಗಿ ನಿಂತರೂ ಮಳೆಯನ್ನು ನಾಲ್ಕಕ್ಕೆ ಇಳಿಸಲಾರದು. ಹಾಗಾದರೆ ಈ ಹುಳಿ ಯಾರದು? ತಜ್ಞರ ಭಾಷಣವೇನೋ ರೆಡಿ ಇತ್ತು. ಅದನ್ನು ಓದಿದರೆ ನಾಳೆ ಪೇಪರಿನಲ್ಲಿ ಫೋಟೋ ಬರುವುದು ಖಂಡಿತ. ಮೇಡಂ ಆ ಹಾಳೆಯನ್ನು ಒಂದು ಕ್ಷಣ ಪ್ರೀತಿಯಿಂದ ನೋಡಿ, ಬೀಕರಿನ ಅಡಿಗೆ ಇಟ್ಟುಬಿಟ್ಟರು. ಬೇಜಾರಾಯಿತು, ಸುಳ್ಳೇಕೆ?

ಶನಿವಾರ ಬೆಳಗ್ಗೆ ತೃಷಾಳನ್ನೂ ಕರೆದುಕೊಂಡು ವೇಣೂರು ದಾರಿಯಾಗಿ ಬೆಳ್ತಂಗಡಿಗೆ, ಅಲ್ಲಿಂದ ಮುಂಡಾಜೆಗೆ ಬಸ್ಸಿನಲ್ಲಿ ಹೋದರು. ಶೆಟ್ಟರು ಇಸ್ತ್ರಿಯಾದ ಪಂಚೆಯಲ್ಲಿ ಗೇಟಿನ ಬಳಿಯೇ ನಿಂತಿದ್ದರು.

"ಬನ್ನಿ ಮೇಡಂ, ಬನ್ನಿ. ಸಭೆ ಮಧ್ಯಾಹ್ನದ ಮೇಲೆ. ಇವತ್ತು ಅವನ ಹೊಗೆಗೆ ತಿಥಿ!"

"ಶೆಟ್ರೇ, ಮೊದಲು ನೀವು ಮಳೆ ಹೇಗೆ ಹಿಡಿಯುದು ಅಂತ ನೋಡುವ."

ಶೆಟ್ಟರು ಹೆಮ್ಮೆಯಿಂದ ಮನೆಯ ಹಿಂದಕ್ಕೆ ಕರೆದುಕೊಂಡು ಹೋದರು. ಅಲ್ಲಿ ಮೇಡಂ ಕೊಟ್ಟ ಆಲಿಕೆ ಗೋಡೆಯ ಮೊಳೆಗೆ ನೇತಾಡುತ್ತಿತ್ತು. ಅದರಲ್ಲಿ ಜೇಡ ಸಂಸಾರ ಹೂಡಿತ್ತು. ಮಳೆ ಹಿಡಿಯುತ್ತಿದ್ದುದು ಒಂದು ಅಗಲವಾದ ಅಲ್ಯೂಮಿನಿಯಂ ಡಿಶ್ಶಿನಲ್ಲಿ.

"ನಿಮ್ಮ ಆಲಿಕೆಯ ಬಾಯಿ ಎಷ್ಟು ಸಣ್ಣದು ಮೇಡಂ! ಗಾಳಿಗೆ ಒಂದು ಸಲ ಮಗುಚಿ ಬಿತ್ತು ಕೂಡ. ಪುಳ್ಳಿ ತೃಷಾಳಿಗೆ ನೀರು ಕಡಿಮೆಯಾಗಬಾರದು ಅಂತ ನಾನೇ ಐಡಿಯಾ ಮಾಡಿದೆ. ಇದರಲ್ಲಿ ಹಿಡಿದು, ನಿಮ್ಮದೇ ಬಾಟಲಿಗೆ ತುಂಬಿಸುದು. ಒಂದು ಹನಿ ಚೆಲ್ಲುವುದಿಲ್ಲ."

ಮೇಡಂ ಡಿಶ್ಶನ್ನು ಎತ್ತಿ ನೋಡಿದರು. ಅಂಚಿನ ಮಡಿಕೆಯಲ್ಲಿ ಒಣಗಿದ ರಬ್ಬರಿನ ಎಳೆಗಳು ಅಂಟಿಕೊಂಡಿದ್ದವು. ಮೂಗಿನ ಹತ್ತಿರ ಹಿಡಿದಾಗ ಸಣ್ಣಗೆ ಚುಚ್ಚುವ ವಾಸನೆ.

"ಇದು ರಬ್ಬರ್ ಹಾಲು ಹೆಪ್ಪು ಹಾಕುವ ಡಿಶ್ ಅಲ್ವಾ?"

"ಹೌದು. ಮಳೆಗಾಲದಲ್ಲೂ ಮರಕ್ಕೆ ಪ್ಲಾಸ್ಟಿಕ್ ಕಟ್ಟಿ ಹಾಲು ಇಳಿಸುವ ಟ್ಯಾಪಿಂಗ್ ಉಂಟು. ಹಾಲು ಹಾಕುದು, ಆ್ಯಸಿಡ್ ಬೆರೆಸುದು, ಗಟ್ಟಿಯಾದ ಮೇಲೆ ಶೀಟ್ ತೆಗೆಯುದು. ಮತ್ತೆ ತೊಳೆದೇ ಮಳೆಗೆ ಇಡುದು ಮೇಡಂ, ಹಾಗೇ ಅಲ್ಲ."

ಆ್ಯಸಿಡ್ ಎಂದರೆ ಫಾರ್ಮಿಕ್ ಆಮ್ಲ, ಕೆಂಪಿರುವೆ ಕಚ್ಚಿದಾಗ ಉರಿಯುವ ಅದೇ. ಸಾಂದ್ರವಾದದ್ದು ಒಂದೇ ಹನಿ ಇದ್ದರೂ ಒಂದು ಬಕೆಟ್ ಮಳೆಯನ್ನು ನಾಲ್ಕಕ್ಕೆ ಇಳಿಸುತ್ತದೆ. ಅದರಲ್ಲಿ ಗಂಧಕವಿಲ್ಲ, ನೈಟ್ರೋಜನ್ ಇಲ್ಲ. ಬೇರಿಯಂ ಕ್ಲೋರೈಡಿಗೆ ಅದರ ಗುರುತು ಸಿಗುವುದೇ ಇಲ್ಲ. ಮೇಡಂಗೆ ನಗು ಬಂತು. ಮರುಗಳಿಗೆಯಲ್ಲಿ ಮುದುಕರ ಮುಖ ನೋಡಿ ನಗು ನಿಂತಿತು.

ವಿಷಯ ಬಿಡಿಸಿ ಹೇಳಿದಾಗ ಶೆಟ್ಟರ ಮೂಗು ಕೆಂಪಾಯಿತು. "ಅಂದರೆ ಮೇಡಂ, ಅವನ ಹೊಗೆ ಚೊಕ್ಕ, ನನ್ನ ಪಾತ್ರೆ ಕೊಳಕು. ಹಾಗಾ?"

"ಪಾತ್ರೆ ಕೊಳಕು ಅಂತಲ್ಲ ಶೆಟ್ರೇ. ಆಮ್ಲ ಒಂಚೂರು ಉಳಿದಿರ್ತದೆ."

"ಅಜ್ಜ, ಮೇಡಂ ಹೇಳಿದ್ದರಲ್ಲ, ಬೇರೆ ಪಾತ್ರೆ ಬೇಡ ಅಂತ," ಎಂದು ತೃಷಾ ಸಣ್ಣ ದನಿಯಲ್ಲಿ ಗೊಣಗಿದಳು.

"ನೀನು ಸುಮ್ಮನಿರು. ಇಲ್ಲಿ ಮೂಲೆಯಲ್ಲಿ ಪಿಸುಗುಟ್ಟಿದರೆ ನಾನು ಒಪ್ಪುವುದಿಲ್ಲ. ಸಭೆಯಲ್ಲೇ ತೋರಿಸಿ. ನಾನು ದಿನಾ ತೊಳೆಯುವ ಹಾಗೇ ತೊಳೆದು ಡಿಶ್ ತರ್ತೇನೆ. ಒಂದು ಚೊಂಬು ಹೆಚ್ಚಿಲ್ಲ, ಒಂದು ಚೊಂಬು ಕಡಿಮೆಯಿಲ್ಲ. ಸುಬ್ಬಯ್ಯ ಸುಳ್ಳು ಹೇಳುವುದಿಲ್ಲ, ಸುಬ್ಬಯ್ಯನ ಡಿಶ್ಶೂ ಹೇಳುವುದಿಲ್ಲ."

ಪಂಚಾಯತಿನ ಸಭಾಭವನ ತುಂಬಿತ್ತು. ಬೀಜ ಸುಲಿಯುವ ಹೆಂಗಸರು ಒಂದು ಕಡೆ ಗುಂಪಾಗಿ ಕುಳಿತಿದ್ದರು. ಮುಂದಿನ ಸಾಲಿನಲ್ಲಿ ಜಯಪ್ರಕಾಶ್. ನಲವತ್ತರ ಆಸುಪಾಸಿನ ದಪ್ಪ ಮನುಷ್ಯ. ಕರವಸ್ತ್ರ ಹಿಂಡಿ ಹಿಂಡಿ ಹಗ್ಗ ಮಾಡಿಬಿಟ್ಟಿದ್ದರು. ಮೇಡಂ ಒಳಗೆ ಬಂದಾಗ ಹೆಂಗಸರಲ್ಲೊಬ್ಬಳು, ಶಬ್ನಾ ಎಂಬಾಕೆ, ಮೆಲ್ಲನೆ ಕೇಳಿದಳು: "ಮೇಡಂ, ಸೋಮವಾರ ನಮಗೆ ಕೆಲಸ ಉಂಟಾ?" ಮೇಡಂಗೆ ತಮ್ಮ ಮೊದಲ ದಿನದ ಕುಣಿತ ನೆನಪಾಗಿ ನಾಚಿಕೆಯಾಯಿತು.

"ಭಾಷಣ ಇಲ್ಲ," ಎಂದರು ಮೇಡಂ, ಮೈಕ್ ಹಿಡಿದು. "ಒಂದು ಗಾಜಿನ ಪಾತ್ರೆ, ಒಂದು ಶೆಟ್ರ ಡಿಶ್. ಎರಡನ್ನೂ ಅಂಗಳದಲ್ಲಿ ಅಕ್ಕಪಕ್ಕ ಇಡುವ. ಒಂದೇ ಆಕಾಶ, ಒಂದೇ ಹೊಗೆ, ಒಂದೇ ಮಳೆ. ಎರಡರಲ್ಲೂ ಒಂದೇ ಅಂಕಿ ಬಂದರೆ ಶೆಟ್ರು ಹೇಳಿದ್ದು ಸರಿ."

ಇಟ್ಟರು. ಇಟ್ಟ ಕೂಡಲೇ ಮಳೆ ನಿಂತಿತು.

ಆಷಾಢದ ಮುಂಡಾಜೆಯಲ್ಲಿ ಮಳೆ ನಿಲ್ಲುವುದೆಂದರೆ ಮದುವೆಮನೆಯಲ್ಲಿ ವಾಲಗ ನಿಂತ ಹಾಗೆ. ಎಲ್ಲರೂ ಜಗಲಿಗೆ ಬಂದು ಆಕಾಶ ನೋಡುತ್ತ ನಿಂತರು. ಪಂಚಾಯತಿನ ಅಧ್ಯಕ್ಷರು ಚಹಾಕ್ಕೆ ಹೇಳಿದರು. ಚಹಾ ಬಂತು, ಬನ್ಸ್ ಬಂತು, ಮಳೆ ಬರಲಿಲ್ಲ. "ಇದೂ ಇವನದೇ ಕೆಲಸ, ಹೊಗೆ ಬಿಟ್ಟು ಮೋಡ ಓಡಿಸಿದ್ದಾನೆ," ಎಂದು ಶೆಟ್ಟರು ದೊಡ್ಡ ದನಿಯಲ್ಲಿ ಹೇಳಿದರು. "ಬೇಡ ಅಂದಾಗ ಬರ್ತದೆ, ಬೇಕಾದಾಗ ಇಲ್ಲ. ಶೆಟ್ರ ಹಾಗೇ," ಎಂದರು ಜಯಪ್ರಕಾಶ್. ಗುಂಪಿನಲ್ಲಿ ನಗು ಎದ್ದಿತು. ಹೆಂಗಸರು ಮಾತ್ರ ನಗಲಿಲ್ಲ.

ಕೊನೆಗೆ ಘಟ್ಟದ ಕಡೆಯಿಂದ ಕಪ್ಪು ಇಳಿದು ಬಂದು ಧೋ ಎಂದು ಹೊಯ್ಯಿತು. ಪಾತ್ರೆಗಳಲ್ಲಿ ಸಾಕಷ್ಟು ನೀರು ನಿಂತ ಮೇಲೆ ಮೇಡಂ ಮೀಟರ್ ತೆಗೆದರು. ಮಳೆನೀರಿನಲ್ಲಿ ಕರಗಿದ ಲವಣ ಕಡಿಮೆ, ಹಾಗಾಗಿ ಮೀಟರು ತಿಣುಕಾಡಿ ತಡವಾಗಿ ನಿಲ್ಲುತ್ತದೆ. ಅಂಕಿ ಓದುವ ಕೆಲಸವನ್ನು ಅವರು ಬೇಕೆಂದೇ ಶೆಟ್ಟರಿಗೆ ಕೊಟ್ಟರು.

ಶೆಟ್ಟರು ಕನ್ನಡಕ ಏರಿಸಿ ಗಾಜಿನ ಪಾತ್ರೆಯ ಮೇಲೆ ಬಗ್ಗಿದರು. "ಐದು... ಪಾಯಿಂಟ್... ಐದು." ಮೇಡಂ ಮೀಟರಿನ ತುದಿಯನ್ನು ತೊಳೆದು ಡಿಶ್ಶಿಗೆ ಅದ್ದಿದರು. ಅಂಕಿ ಇಳಿಯಿತು, ಇಳಿಯಿತು, ನಿಂತಿತು. ಶೆಟ್ಟರು ಓದಲಿಲ್ಲ. ಮೈಕ್ ಅವರ ಬಾಯಿಯ ಮುಂದೆಯೇ ಇತ್ತು. ಹಿಂದಿನಿಂದ ಯಾರೋ "ಎಷ್ಟು ಶೆಟ್ರೇ?" ಎಂದು ಕೂಗಿದರು.

"ನಾಲ್ಕು ಪಾಯಿಂಟ್ ಎರಡು," ಎಂದರು ಶೆಟ್ಟರು. ಕನ್ನಡಕ ತೆಗೆದು ಅಧ್ಯಕ್ಷರತ್ತ ತಿರುಗಿದರು. "ಹುಳಿ ನನ್ನ ಪಾತ್ರೆಯದ್ದು. ಮಳೆಯದ್ದಲ್ಲ. ಅಧ್ಯಕ್ಷರೇ, ಅರ್ಜಿ ಕೊಟ್ಟವ ನಾನು. ತಪ್ಪು ಅಂತಲೂ ನಾನೇ ಹೇಳ್ತೇನೆ, ಬರೆದುಕೊಳ್ಳಿ."

ಜಯಪ್ರಕಾಶ್ ಒಮ್ಮೆ ಉಸಿರು ಬಿಟ್ಟು, ಆಮೇಲೆ ಉತ್ಸಾಹ ತಡೆಯಲಾರದೆ ಎದ್ದರು. "ಹಾಗಾದರೆ ಮೇಡಂ, ನನ್ನ ಹೊಗೆ ಶುದ್ಧ ಅಂತ ಒಂದು ಸರ್ಟಿಫಿಕೇಟ್ ಕೊಡ್ತೀರಾ? ಫ್ರೇಮ್ ಹಾಕಿಸ್ತೇನೆ."

ಮೇಡಂ ಬೋರ್ಡು ಕುಟ್ಟುವ ದನಿಯಲ್ಲಿ ಹೇಳಿದರು: "ಮಳೆ ಹುಳಿಯಾದದ್ದು ನಿಮ್ಮ ಹೊಗೆಯಿಂದಲ್ಲ ಅಂತ ಹೇಳಿದ್ದು. ಮಸಿ ಇಲ್ಲ ಅಂತ ನಾನು ಹೇಳಲಿಲ್ಲ. ಶೆಟ್ರ ಪಂಚೆ ನೋಡಿ ಬನ್ನಿ, ಅದರಲ್ಲಿ ನಿಮ್ಮ ಸರ್ಟಿಫಿಕೇಟ್ ಉಂಟು." ಜಯಪ್ರಕಾಶ್ ಕುಳಿತುಕೊಂಡರು.

ಕೊನೆಗೆ ಅಧ್ಯಕ್ಷರು ತೀರ್ಮಾನ ಹೇಳಿದರು. ಫ್ಯಾಕ್ಟರಿ ನಡೆಯಲಿ. ಮಳೆಗಾಲ ಮುಗಿಯುವುದರೊಳಗೆ ಚಿಮಣಿಗೆ ಮಸಿ ಹಿಡಿಯುವ ವ್ಯವಸ್ಥೆ ಆಗಲಿ. ಅಲ್ಲಿಯವರೆಗೆ ಫ್ಯಾಕ್ಟರಿಯ ಹತ್ತಿರವೇ ಮಳೆ ಅಳೆಯಬೇಕು. ಅಂಕಿ ಐದಕ್ಕಿಂತ ಕೆಳಗಿಳಿದರೆ ಲೈಸೆನ್ಸಿನ ಬಗ್ಗೆ ಮತ್ತೆ ಸಭೆ. ಮರದ ಎಲೆಯಿಂದ ತೊಟ್ಟಿಕ್ಕಿದ ನೀರು ಮಳೆಯ ಲೆಕ್ಕಕ್ಕೆ ಬಾರದು, ಆಕಾಶ ಪೂರ್ತಿ ಕಾಣುವ ಜಾಗ ಬೇಕು ಎಂದರು ಮೇಡಂ. ಸುತ್ತ ಎಲ್ಲೂ ರಬ್ಬರ್ ಮರ. ಅಂಥ ಜಾಗ ಇದ್ದದ್ದು ಒಂದೇ, ಜಯಪ್ರಕಾಶರು ಬೀಜ ಒಣಗಿಸುವ ಟೆರೇಸು.

"ಅಳೆಯುವವರು ಯಾರು?" ಎಂದರು ಅಧ್ಯಕ್ಷರು. "ಜಯಪ್ರಕಾಶರ ಕಡೆಯವರು ಅಳೆದರೆ ಊರು ನಂಬುವುದಿಲ್ಲ."

"ಸುಬ್ಬಯ್ಯ ಶೆಟ್ರು," ಎಂದರು ಮೇಡಂ.

ಇಡೀ ಸಭೆ ಅವರತ್ತ ತಿರುಗಿತು. ಜಯಪ್ರಕಾಶರ ಕರವಸ್ತ್ರ ಕೆಳಗೆ ಬಿತ್ತು. "ಮೇಡಂ! ಇವರ ಕೈಯಲ್ಲಿ ನನ್ನ ಲೈಸೆನ್ಸಾ?"

"ನಿಮ್ಮ ಪರವಾಗಿ ಇವರು ಒಂದು ಪಾಯಿಂಟೂ ಹೆಚ್ಚು ಬರೆಯುವುದಿಲ್ಲ, ಅದು ಊರಿಗೇ ಗೊತ್ತುಂಟು. ಕಡಿಮೆ ಬರೆಯುವ ಮನುಷ್ಯನೂ ಅಲ್ಲ, ಅದನ್ನು ಈಗ ನೀವೇ ನೋಡಿದ್ದೀರಿ."

ಶೆಟ್ಟರು ಮನೆಗೆ ಹೋಗಿ ಆಲಿಕೆಯಿಂದ ಜೇಡವನ್ನು ಬಿಡಿಸಿ, ಬಿಸಿನೀರಲ್ಲಿ ತೊಳೆದು ಇಟ್ಟುಕೊಂಡರೆಂದು ತೃಷಾ ಆಮೇಲೆ ಹೇಳಿದಳು. ಮೇಡಂ ತಮ್ಮ ಮೀಟರನ್ನೂ ಬಫರಿನ ಪುಡಿಯನ್ನೂ ಅವರಿಗೆ ಕೊಟ್ಟು, ಮೀಟರನ್ನು ಮೊದಲು ಪರೀಕ್ಷೆ ಮಾಡುವುದು ಹೇಗೆಂದು ಕಲಿಸಿ, ಸಂಜೆಯ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಅವರಿಗೆ ಅಳುಕು. ನ್ಯಾಯ ಮಾಡಿದೆನೋ, ಬೆಕ್ಕಿನ ಕೈಯಲ್ಲಿ ಬೆಣ್ಣೆ ಕೊಟ್ಟು ಬಂದೆನೋ? ಒಂದು ಅಂಕಿ ತಿದ್ದಿದರೆ ಶೆಟ್ಟರಿಗೆ ಬೇಕಾದದ್ದೆಲ್ಲ ಸಿಗುತ್ತದೆ. ತಿದ್ದಿದರೆ ನೋಡುವವರೂ ಇಲ್ಲ. ಪೇಪರಿನಲ್ಲಿ ಮರುದಿನ ಮುಂಡಾಜೆಯ ಸುದ್ದಿ ಇರಲಿಲ್ಲ. ಅದನ್ನು ಮೇಡಂ ಮೊದಲೇ ಬಲ್ಲರು.

ಸೋಮವಾರ ಬೆಳಗ್ಗೆ ಮೇಡಂ ದೋಸೆ ಹೊಯ್ಯುತ್ತಿರುವಾಗ ಫೋನ್ ಬಂತು.

"ಮೇಡಂ, ನಾನು ಸುಬ್ಬಯ್ಯ. ಅವನ ಟೆರೇಸಿನಿಂದಲೇ ಮಾತಾಡುದು."

"ಹೇಳಿ ಶೆಟ್ರೇ. ಎಷ್ಟು ಬಂತು?"

ಕಾವಲಿಯ ಮೇಲೆ ದೋಸೆ ಕಪ್ಪಾಗುತ್ತಿತ್ತು. ಸಮ್ಮೇದ್ ಎದ್ದು ಬಂದು ಮಗುಚಿದರು.

"ಮೂರು ಸಲ ಅದ್ದಿ ನೋಡಿದೆ ಮೇಡಂ. ಬಫರಿನಲ್ಲೂ ಅದ್ದಿದೆ, ಮೀಟರ್ ಸರಿ ಉಂಟು. ಕೆಳಗೆ ಬೆಂಕಿ ಹಾಕಿದ್ದಾರೆ, ಹೊಗೆ ನನ್ನ ಪಂಚೆಗೇ ಬರ್ತಾ ಉಂಟು. ಹೆಂಗಸರು ಕೆಲಸಕ್ಕೆ ಬಂದಿದ್ದಾರೆ. ಎಲ್ಲ ಮೇಲೆ ನನ್ನನ್ನೇ ನೋಡ್ತಾ ಇದ್ದಾರೆ."

"ಎಷ್ಟು ಶೆಟ್ರೇ?"

"ಐದು ಪಾಯಿಂಟ್ ನಾಲ್ಕು," ಎಂದರು ಶೆಟ್ಟರು. "ಬರೀಲಿಕ್ಕೆ ಕೈಯೇ ಬರುವುದಿಲ್ಲ ಮೇಡಂ. ಆದರೂ ಬರೆದೆ."